ಕ್ಯಾನ್ಸರ್ ಓಪಿಡಿಯಲ್ಲಿ ಮನಸ್ಸಿನ ಸಂಕಟ ಅಳೆಯುವುದು ಹೇಗೆ? ಹತ್ತು ನಿಮಿಷದ ಒಂದು ದಾರಿ

ಹೊಸ ರೋಗಿ ಬಂದ ತಕ್ಷಣ ನಾವು ತೂಕ ನೋಡುತ್ತೇವೆ, ಬಿಪಿ ನೋಡುತ್ತೇವೆ, ಸಕ್ಕರೆ ನೋಡುತ್ತೇವೆ, ಎಲ್ಲಾದರೂ ನೋವಿದೆಯಾ ಎಂದು ಕೇಳುತ್ತೇವೆ. ಆಮೇಲೆ ಅವರ ಮುಖ ನೋಡಿ "ಧೈರ್ಯವಾಗಿರಿ" ಎಂದು ಹೇಳಿ ಮುಂದಿನವರನ್ನು ಕರೆಯುತ್ತೇವೆ. ಹಾಸನದ ಒಂದು ಕ್ಯಾನ್ಸರ್ ಓಪಿಡಿಯಲ್ಲಿ ನರ್ಸ್ ಆಗಿ ನಾನೂ ಬಹಳ ದಿನ ಹೀಗೇ ಮಾಡಿದ್ದೇನೆ. ಬಿಪಿ ಎಷ್ಟಿದೆ ಎಂದು ಮುಖ ನೋಡಿ ಹೇಳುವುದಿಲ್ಲ, ಅಲ್ವಾ? ಮನಸ್ಸಿನ ಸಂಕಟವನ್ನು ಮಾತ್ರ ಹಾಗೆ ಅಂದಾಜು ಮಾಡುತ್ತಿದ್ದೆವು. ಗಟ್ಟಿಯಾಗಿ ಅಳುವವರು ಕಣ್ಣಿಗೆ ಬೀಳುತ್ತಿದ್ದರು. ಗೋಡೆಗೆ ಒರಗಿ ಸುಮ್ನೆ ಕೂತವರು ತಪ್ಪಿಹೋಗುತ್ತಿದ್ದರು.

ಇದನ್ನು ಅಳೆಯಲು ಸುಲಭದ ಸಾಧನ ಒಂದಿದೆ. ಅದಕ್ಕೆ ಡಿಸ್ಟ್ರೆಸ್ ಥರ್ಮಾಮೀಟರ್ ಎನ್ನುತ್ತಾರೆ. ಅಮೆರಿಕದ ಕ್ಯಾನ್ಸರ್ ಕೇಂದ್ರಗಳ ಒಕ್ಕೂಟವಾದ ಎನ್‌ಸಿಸಿಎನ್ ಇದನ್ನು ಬಳಕೆಗೆ ತಂದಿತು. ಕಾಗದದ ಮೇಲೆ ಥರ್ಮಾಮೀಟರಿನ ಚಿತ್ರ, 0ಯಿಂದ 10ರವರೆಗೆ ಗೆರೆ, ಪಕ್ಕದಲ್ಲಿ ತೊಂದರೆಗಳ ಒಂದು ಪಟ್ಟಿ, ಇಷ್ಟೇ. ಮುದ್ರಿಸಿ ಹಂಚುವ ಮೊದಲು ಅವರ ಅನುಮತಿಯ ನಿಯಮ ನೋಡಿಕೊಳ್ಳಿ. ಸಾಧನ ಸುಲಭ, ಆದರೆ ನಮ್ಮ ಓಪಿಡಿಯಲ್ಲಿ ಅದನ್ನು ಸರಿಯಾಗಿ ಕೇಳುವುದು ಅಷ್ಟು ಸುಲಭ ಅಲ್ಲ. ಈ ಬರಹದಲ್ಲಿ ಜಾಸ್ತಿ ಜಾಗ ಅದಕ್ಕೇ ಹೋಗುತ್ತದೆ.

1. ಕೇಳುವ ಮೊದಲು, ಕಳಿಸುವ ಜಾಗ ಗೊತ್ತುಮಾಡಿಕೊಳ್ಳಿ

ಹೆಚ್ಚಿನ ಕಡೆ ಇದನ್ನೇ ಕೊನೆಗೆ ಮಾಡುತ್ತಾರೆ. ಮೊದಲು ಫಾರ್ಮ್ ಪ್ರಿಂಟ್ ಆಗುತ್ತದೆ, ಸಿಸ್ಟರ್‌ಗಳಿಗೆ ಒಂದು ಗಂಟೆ ತರಬೇತಿ ಆಗುತ್ತದೆ, ಫೈಲ್‌ಗಳಲ್ಲಿ 7, 8, 9 ಎಂದು ನಂಬರ್‌ಗಳು ತುಂಬುತ್ತವೆ. ಆ ನಂಬರ್ ನೋಡಿ ಏನು ಮಾಡಬೇಕು ಎಂದು ಯಾರಿಗೂ ಗೊತ್ತಿರುವುದಿಲ್ಲ. ಸುಮ್ಮನೆ ಕೇಳಿ ಬರೆದಿಡುವುದರಿಂದ ರೋಗಿಗೆ ಏನೂ ಉಪಯೋಗವಿಲ್ಲ. ಕೇಳಿದ ಮೇಲೆ ಏನೂ ಆಗದಿದ್ದರೆ "ಹೇಳಿ ಏನು ಬಂತು" ಎಂದು ಅವರು ಮುಂದಿನ ಸಲ ಬಾಯಿ ಬಿಡುವುದೂ ಇಲ್ಲ.

ಹಾಗಾಗಿ ಒಂದು ಹಾಳೆ ತೆಗೆದುಕೊಂಡು ನಾಲ್ಕು ಜಾಗ ಬರೆಯಿರಿ. ಮೈಯ ತೊಂದರೆಗೆ ನಿಮ್ಮದೇ ಓಪಿಡಿಯ ವೈದ್ಯರು. ದುಡ್ಡು, ಕಾರ್ಡು, ಓಡಾಟದ ತೊಂದರೆಗೆ ಆಸ್ಪತ್ರೆಯ ಸಮಾಜ ಕಾರ್ಯಕರ್ತರು ಅಥವಾ ಆರೋಗ್ಯಮಿತ್ರರು. ಮನಸ್ಸಿನ ಕಾಯಿಲೆಯ ಅನುಮಾನ ಬಂದರೆ ಮನೋವೈದ್ಯರು. ಹಾಸನದಲ್ಲಾದರೆ ಜಿಲ್ಲಾಸ್ಪತ್ರೆ ಇರುವ ಹಿಮ್ಸ್ ಹತ್ತಿರದಲ್ಲೇ ಇದೆ. ದೂರದ ತಾಲ್ಲೂಕಿನವರಾದರೆ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಎಂದು ಫೋನ್ ಮಾಡಿ ಕೇಳಿ, ಹಾಳೆಯಲ್ಲಿ ಬರೆದಿಡಿ. ನಾಲ್ಕನೆಯದು ರಾತ್ರಿಗೆ ಬೇಕಾದದ್ದು. ಟೆಲಿ ಮಾನಸ್ ಸಹಾಯವಾಣಿ, ನಂಬರ್ 14416. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ನಾಲ್ಕು ಜಾಗಕ್ಕೂ ಒಂದೊಂದು ಹೆಸರು, ಒಂದೊಂದು ಫೋನ್ ನಂಬರ್ ಇರಬೇಕು. "ಮನೋವೈದ್ಯಕೀಯ ವಿಭಾಗ" ಎಂದು ಬರೆದರೆ ಸಾಲದು. ಅಲ್ಲಿ ಯಾರು ಫೋನ್ ಎತ್ತುತ್ತಾರೆ ಎಂಬುದೂ ಹಾಳೆಯಲ್ಲಿರಬೇಕು. ಹಾಳೆ ತುಂಬುವವರೆಗೆ ಥರ್ಮಾಮೀಟರ್ ಮುಟ್ಟಬೇಡಿ.

2. ಯಾವಾಗ, ಯಾರು, ಎಲ್ಲಿ

ಬಯಾಪ್ಸಿ ರಿಪೋರ್ಟ್ ಕೈಗೆ ಕೊಟ್ಟ ಆ ಗಳಿಗೆಯಲ್ಲಿ ಕೇಳಿದರೆ ಎಲ್ಲರದೂ 9, 10 ಬರುತ್ತದೆ. ಬರದಿದ್ದರೆ ವಿಚಿತ್ರ. ನಮ್ಮ ಅನುಭವದಲ್ಲಿ ಸರಿಯಾದ ಹೊತ್ತು ಎಂದರೆ ಅದರ ಮುಂದಿನ ಭೇಟಿ. ಅಂದರೆ ಕೀಮೋ, ಆಪರೇಷನ್ ಅಥವಾ ರೇಡಿಯೇಷನ್ ಯಾವುದು ಎಂದು ಮಾತಾಡಲು ಬರುವ ದಿನ. ಪ್ರಶ್ನೆಯೂ "ಇವತ್ತೂ ಸೇರಿ ಹೋದ ಒಂದು ವಾರದಲ್ಲಿ" ಎಂದೇ ಇರುತ್ತದೆ. ಅಷ್ಟು ಹೊತ್ತಿಗೆ ಅವರು ಆ ಸುದ್ದಿಯ ಜೊತೆ ಒಂದು ವಾರ ಬದುಕಿರುತ್ತಾರೆ. ಆದರೆ ರಿಪೋರ್ಟ್ ಕೇಳಿದ ದಿನವೇ ಯಾರಾದರೂ ಕಲ್ಲಿನಂತೆ ಕೂತರೆ, ಅಥವಾ "ಇನ್ನೇನಿದೆ, ಮುಗೀತು" ಎಂದರೆ, ಮುಂದಿನ ಭೇಟಿಗೆ ಕಾಯಬೇಡಿ. ಅವತ್ತೇ ಏಳನೇ ಹಂತದ ಪ್ರಶ್ನೆ ಕೇಳಿ.

ಕೀಮೋ ಶುರುವಾದ ಮೇಲೆ ಕೇಳುವುದಾದರೆ ಒಂದು ವಿಷಯ ಗೊತ್ತಿರಲಿ. ವಾಂತಿ ತಡೆಯಲು ಕೀಮೋ ಜೊತೆ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಕೊಡುತ್ತಾರೆ. ಅದರಿಂದ ಎರಡು ಮೂರು ದಿನ ನಿದ್ದೆ ಬರದಿರಬಹುದು, ಸಣ್ಣದಕ್ಕೂ ಸಿಟ್ಟು ಬರಬಹುದು. ಆ ದಿನಗಳಲ್ಲಿ ಅಳೆದರೆ ಔಷಧಿಯ ಕಾಟವೂ ಮನಸ್ಸಿನ ಲೆಕ್ಕಕ್ಕೆ ಸೇರುತ್ತದೆ. ಮುಂದಿನ ಕೀಮೋಗೆ ಬಂದಾಗ, ಡ್ರಿಪ್ ಹಾಕುವ ಮೊದಲು ಕೇಳುವುದು ಒಳ್ಳೆಯದು.

ತೂಕ, ಬಿಪಿ ನೋಡುವ ಸಿಸ್ಟರೇ ಕೇಳಿದರೆ ಸಾಕು, ಮನೋವೈದ್ಯರೇ ಬೇಕಿಲ್ಲ. ಬಿಪಿ ಪಟ್ಟಿ ಬಿಚ್ಚುತ್ತಾ ಕೇಳಿದರೆ ರೋಗಿಗೆ ಇದೂ ಮಾಮೂಲಿ ತಪಾಸಣೆಯ ಭಾಗ ಎನಿಸುತ್ತದೆ. "ನನಗೆ ಹುಚ್ಚು ಅಂದ್ಕೊಂಡ್ರಾ" ಎಂಬ ಅಂಜಿಕೆ ಹುಟ್ಟುವುದಿಲ್ಲ.

ಜಾಗದ್ದೇ ದೊಡ್ಡ ತಲೆನೋವು. ನಮ್ಮ ಕಡೆ ಒಬ್ಬ ರೋಗಿಯ ಜೊತೆ ಮೂವರು ಬರುತ್ತಾರೆ. ಪ್ರಶ್ನೆ ಅಮ್ಮನಿಗೆ ಕೇಳಿದರೆ ಉತ್ತರ ಮಗ ಕೊಡುತ್ತಾನೆ. "ಅಮ್ಮ ಸ್ಟ್ರಾಂಗ್ ಇದಾರೆ ಸಿಸ್ಟರ್, ಏನೂ ಇಲ್ಲ." ಅಮ್ಮ ತಲೆ ಆಡಿಸುತ್ತಾರೆ. "ನೀವು ಹೊರಗಿರಿ" ಎಂದರೆ ಮಗನಿಗೆ ಬೇಜಾರು, ಅಮ್ಮನಿಗೆ ಗಾಬರಿ. ನಾವು ಕಂಡುಕೊಂಡ ದಾರಿ ಇದು. ತೂಕದ ಯಂತ್ರವನ್ನು ಪರದೆ ಇರುವ ಮೂಲೆಗೆ ಸರಿಸಿದೆವು. "ಅಮ್ಮನ ತೂಕ ನೋಡಿ ಕಳಿಸ್ತೀನಿ, ಅಷ್ಟರಲ್ಲಿ ನೀವು ಫೈಲ್‌ಗೆ ಸೀಲ್ ಹಾಕಿಸ್ಕೊಂಡು ಬನ್ನಿ" ಎನ್ನುತ್ತೇವೆ. ಐದು ನಿಮಿಷ ಸಿಗುತ್ತದೆ, ಅಷ್ಟು ಸಾಕು.

3. ಪ್ರಶ್ನೆ ಕೇಳುವ ಮಾತು

ಇನ್ನು ಮುಂದೆ ಒಬ್ಬರನ್ನು ಜೊತೆಯಲ್ಲಿಟ್ಟುಕೊಂಡು ಹೇಳುತ್ತೇನೆ. ಅವರನ್ನು ಜಯಮ್ಮ ಎಂದು ಕರೆಯೋಣ. ಹೆಸರು ಬೇರೆ, ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ವಯಸ್ಸು 48. ಸಕಲೇಶಪುರದ ಕಡೆಯ ಕಾಫಿ ಎಸ್ಟೇಟಿನ ಲೈನ್ ಮನೆಯಲ್ಲಿದ್ದವರು. ಎಡ ಸ್ತನದಲ್ಲಿ ದೊಡ್ಡ ಗಡ್ಡೆ, ಮೊದಲು ಕೀಮೋ, ಆಮೇಲೆ ಆಪರೇಷನ್ ಎಂದು ತೀರ್ಮಾನವಾಗಿತ್ತು. ಓದಲು ಬರುವುದಿಲ್ಲ. ಜೊತೆಗೆ ಮಗ ಮತ್ತು ಭಾವ ಬಂದಿದ್ದರು.

ಶುರುವಿನಲ್ಲಿ ನಾವು ಮಾಡಿದ ತಪ್ಪು "ಸಂಕಟ" ಎಂಬ ಪದದ್ದು. "ಎಷ್ಟು ಸಂಕಟ ಆಗ್ತಿದೆ?" ಎಂದು ಕೇಳಿದರೆ ಅರ್ಧ ಜನ ಹೊಟ್ಟೆ ಮುಟ್ಟಿ ತೋರಿಸುತ್ತಿದ್ದರು. ನಮ್ಮ ಮಾತಿನಲ್ಲಿ ವಾಕರಿಕೆಗೂ ಸಂಕಟ ಎನ್ನುತ್ತೇವೆ. ಕೀಮೋ ಆದವರಂತೂ ಅದನ್ನೇ ಹೇಳುತ್ತಾರೆ. ಈಗ "ಮನಸ್ಸಿಗೆ ಎಷ್ಟು ಕಷ್ಟ ಆಗ್ತಿದೆ" ಎಂದು ಕೇಳುತ್ತೇವೆ.

ಎರಡನೇ ತಪ್ಪು ಥರ್ಮಾಮೀಟರಿನದ್ದೇ. ಚಿತ್ರ ನೋಡಿ "ಜ್ವರ ಇಲ್ಲ ಸಿಸ್ಟರ್" ಎಂದವರಿದ್ದಾರೆ. ಅದು ಹೋಗಲಿ, 10 ಎಂದರೆ ಒಳ್ಳೆಯದು ಎಂದುಕೊಂಡವರೂ ಇದ್ದಾರೆ. ಶಾಲೆಯ ಅಂಕದ ಲೆಕ್ಕ, ಹತ್ತಕ್ಕೆ ಹತ್ತು ಬಂದರೆ ಪಾಸು. ಮೆಣಸು ಕೊಯ್ಯುವ ಏಣಿಯ ಮೆಟ್ಟಿಲು ಎಂದು ಹೇಳಿ ನೋಡಿದೆವು, ಅದೂ ಸರಿಹೋಗಲಿಲ್ಲ. ಮೇಲಕ್ಕೆ ಹತ್ತುವುದು ಒಳ್ಳೆಯದೇ ತಾನೆ? ಕೊನೆಗೆ ಸರಿಹೋದದ್ದು ಹೊರೆ. ಜಯಮ್ಮನಿಗೆ ನಾನು ಕೇಳಿದ್ದು ಹೀಗೆ:

"ಜಯಮ್ಮ, ಮೈ ಕಾಯಿಲೆ ನೋಡ್ತೀವಲ್ಲ, ಹಂಗೇ ಮನಸ್ಸಿಗೆ ಹೆಂಗಿದೆ ಅಂತಾನೂ ಎಲ್ಲರನ್ನೂ ಕೇಳ್ತೀವಿ. ಮನಸ್ಸಿನ ಮೇಲೆ ಒಂದು ಹೊರೆ ಇದೆ ಅಂದ್ಕೊಳ್ಳಿ. ಸೊನ್ನೆ ಅಂದ್ರೆ ಹೊರೆನೇ ಇಲ್ಲ. ಹತ್ತು ಅಂದ್ರೆ ಇನ್ನು ಹೊರೋಕೇ ಆಗಲ್ಲ ಅನ್ನೋಷ್ಟು. ಹೋದ ವಾರದಿಂದ ಇವತ್ತಿನವರೆಗೆ ನಿಮ್ಮದು ಎಷ್ಟಿರಬಹುದು?"

ಉತ್ತರ ಬರೆದುಕೊಳ್ಳುವ ಮೊದಲು ಇನ್ನೊಂದು ಮಾತು ಕೇಳಲೇಬೇಕು. "ಹತ್ತು ಅಂದ್ರೆ ಒಳ್ಳೇದಾ, ಕೆಟ್ಟದ್ದಾ?" ಅವರ ಬಾಯಲ್ಲೇ "ಕೆಟ್ಟದ್ದು" ಎಂದು ಬಂದರೆ ನಂಬರ್ ನಂಬಬಹುದು. ಹೋಲಿಕೆ ಏನೇ ಬದಲಾಯಿಸಿ, 0 ಮತ್ತು 10ರ ಅರ್ಥವನ್ನೂ ಒಂದು ವಾರದ ಅವಧಿಯನ್ನೂ ಮಾತ್ರ ಬದಲಾಯಿಸಬೇಡಿ. ಅದು ಬದಲಾದರೆ ಮುಂದಿನ ಹಂತದ ಗಡಿ ಅಂಕಕ್ಕೆ ಅರ್ಥ ಉಳಿಯುವುದಿಲ್ಲ.

ಜಯಮ್ಮ ಸ್ವಲ್ಪ ಹೊತ್ತು ನೆಲ ನೋಡಿ "ಏಳು ಹಾಕ್ಕೊಳ್ಳಿ" ಎಂದರು.

4. ನಂಬರ್ ಬಂದ ಮೇಲೆ

ಗಡಿ 4. ಮೂರು ಅಥವಾ ಅದಕ್ಕಿಂತ ಕಮ್ಮಿ ಇದ್ದರೆ ಓಪಿಡಿಯ ಮಾಮೂಲಿ ಮಾತುಕತೆ ಸಾಕು. ಮುಂದಿನ ಹಂತದ ಚಿಕಿತ್ಸೆ ಶುರುವಾಗುವಾಗ ಮತ್ತೆ ಕೇಳಿ. 4 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಇನ್ನೂ ಆಳಕ್ಕೆ ಕೇಳಬೇಕು. ಇದು ಯಾವ ಕಾಯಿಲೆಯನ್ನೂ ಪತ್ತೆ ಮಾಡುವುದಿಲ್ಲ. 7 ಬಂದವರಿಗೆ ಖಿನ್ನತೆ ಇದೆ ಎಂದಲ್ಲ, "ಇಲ್ಲಿ ನಿಂತು ನೋಡಿ" ಎಂದಷ್ಟೇ ಅದರ ಅರ್ಥ.

ಕಮ್ಮಿ ನಂಬರನ್ನು ಪೂರ್ತಿ ನಂಬಬೇಡಿ. ಬಾಯಿ ಕ್ಯಾನ್ಸರಿನ ಗಂಡಸರು ನಮ್ಮಲ್ಲಿ ಬಹಳ ಬರುತ್ತಾರೆ. "ಸೊನ್ನೆ ಬರ್ಕೊಳ್ಳಿ ಸಿಸ್ಟರ್, ನಮಗೆಂಥ ಚಿಂತೆ" ಎಂದು ನಗುತ್ತಾರೆ. ನಿದ್ದೆ ಹೇಗಿದೆ ಎಂದರೆ "ಒಂದು ಕ್ವಾರ್ಟರ್ ಹಾಕಿದ್ರೆ ಬರುತ್ತೆ" ಎಂಬ ಉತ್ತರ. ಸೊನ್ನೆ ಹೇಳಿದವರಿಗೂ ನಿದ್ದೆ ಮತ್ತು ಕುಡಿತ, ಈ ಎರಡನ್ನು ಕೇಳಿಯೇ ಬಿಡಿ. ಕುಡಿತದ್ದು ಇನ್ನೊಂದು ಕಾರಣಕ್ಕೂ ಬೇಕು. ದಿನಾ ಕುಡಿಯುವವರು ಆಪರೇಷನ್‌ಗೆ ಅಡ್ಮಿಟ್ ಆಗಿ ಏಕಾಏಕಿ ಬಿಟ್ಟರೆ ಮೊದಲ ಎರಡು ಮೂರು ದಿನದಲ್ಲಿ ಕೈ ನಡುಕ, ಗೊಂದಲ, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು. ಅದು ಪ್ರಾಣಕ್ಕೇ ಅಪಾಯ. ಮೊದಲೇ ಗೊತ್ತಿದ್ದರೆ ವೈದ್ಯರು ತಯಾರಿರುತ್ತಾರೆ.

5. ಹೊರೆಯೊಳಗೆ ಏನಿದೆ

ತೊಂದರೆಗಳ ಪಟ್ಟಿಯಲ್ಲಿ ಐದು ಗುಂಪುಗಳಿವೆ. ಮೈಯ ತೊಂದರೆ, ಮನಸ್ಸಿನದು, ಮನೆ ಮತ್ತು ಸಂಬಂಧದ್ದು, ದುಡ್ಡು ಮತ್ತು ಓಡಾಟದ್ದು, ದೇವರು ನಂಬಿಕೆಯದ್ದು. ಓದಲು ಬರುವವರಿಗೆ ಹಾಳೆ ಕೊಟ್ಟು ಟಿಕ್ ಮಾಡಿಸಬಹುದು. ಬಾರದವರಿಗೆ ಇಡೀ ಪಟ್ಟಿ ಓದಿ ಹೇಳುವುದು ನನಗೆ ಸರಿ ಕಾಣುವುದಿಲ್ಲ. ಹತ್ತನೇ ಸಾಲಿಗೆ ಬರುವಷ್ಟರಲ್ಲಿ ಎಲ್ಲದಕ್ಕೂ "ಇಲ್ಲ ಇಲ್ಲ" ಎನ್ನುತ್ತಾರೆ. ಅದರ ಬದಲು "ಏಳು ಅಂದ್ರಲ್ಲ, ಅದ್ರಲ್ಲಿ ಜಾಸ್ತಿ ಭಾರ ಯಾವುದರದ್ದು?" ಎಂದು ಕೇಳಿ ಸುಮ್ಮನಿರಿ. ಆ ಸುಮ್ಮನಿರುವುದೇ ಕಷ್ಟ. ನಾವು ಸಿಸ್ಟರ್‌ಗಳಿಗೆ ಮೌನ ಎಂದರೆ ಕೆಲಸ ಬಿಟ್ಟು ನಿಂತಂತೆ ಅನಿಸುತ್ತದೆ. ಅವರು ಹೇಳಿ ಮುಗಿಸಿದ ಮೇಲೆ ಐದು ಗುಂಪಿನಲ್ಲಿ ಯಾವುದು ಬಿಟ್ಟುಹೋಯಿತೋ ಅದನ್ನು ಮಾತ್ರ ಒಂದೊಂದು ಪ್ರಶ್ನೆಯಲ್ಲಿ ಕೇಳಿ.

ಜಯಮ್ಮ ಸಾವಿನ ಭಯ ಹೇಳಬಹುದು ಎಂದು ನಾನು ಕಾಯುತ್ತಿದ್ದೆ. ಅವರು ಹೇಳಿದ್ದು ಲೈನ್ ಮನೆಯ ವಿಷಯ. ಕೆಲಸಕ್ಕೆ ಹೋದರೆ ತಾನೆ ಆ ಮನೆ? ಆರು ತಿಂಗಳು ಹೋಗದಿದ್ದರೆ ಬಿಡಿಸಿಬಿಟ್ಟರೆ? ಆಮೇಲೆ ಸಂಘದ ಸಾಲದ ವಾರದ ಕಂತು. ರಾತ್ರಿ ನೋವು, ಎಡಗಡೆ ಮಗ್ಗುಲಾಗಲು ಆಗದೆ ಎದ್ದು ಕೂರುತ್ತಿದ್ದರು. ಕೊನೆಗೆ ತೀರಾ ಸಣ್ಣ ದನಿಯಲ್ಲಿ ಇನ್ನೊಂದು ಹೇಳಿದರು. "ನನ್ನ ತಟ್ಟೆ ಲೋಟ ಬೇರೆ ಇಟ್ಟವ್ರೆ. ಮೊಮ್ಮಗೂನ ಹತ್ರ ಬಿಡಲ್ಲ."

ಈ ನಾಲ್ಕಕ್ಕೂ ಒಂದೇ ಔಷಧಿ ಇಲ್ಲ. ಇವರನ್ನು ಸೀದಾ ಮನೋವೈದ್ಯರ ಹತ್ತಿರ ಕಳಿಸಿದ್ದರೆ ಅವರು ತಟ್ಟೆ ಲೋಟದ ವಿಷಯಕ್ಕೆ ಏನು ಬರೆದುಕೊಡಬೇಕಿತ್ತು? ನಂಬರ್ ನೋಡಿ ಕಳಿಸಬೇಡಿ, ತೊಂದರೆ ನೋಡಿ ಕಳಿಸಿ. ನೋವಿನ ವಿಷಯ ಅವತ್ತೇ ವೈದ್ಯರಿಗೆ ಹೇಳಿದೆ. ಅವರು ದಿನಕ್ಕೆ ಎರಡು ಸಲ ನುಂಗುತ್ತಿದ್ದ ಪ್ಯಾರಾಸಿಟಮಾಲ್ ಆ ನೋವಿಗೆ ಏನೂ ಸಾಲದಾಗಿತ್ತು, ಔಷಧಿ ಬದಲಾಯಿತು. ತಟ್ಟೆ ಲೋಟಕ್ಕೆ ಎರಡು ನಿಮಿಷವೇ ಸಾಕಾಯಿತು. ವೈದ್ಯರು ಮಗನನ್ನೂ ಭಾವನನ್ನೂ ಕರೆದು, ಜಯಮ್ಮನ ಎದುರಿಗೇ, "ಈ ಕಾಯಿಲೆ ಮುಟ್ಟಿದರೆ, ಜೊತೆಗೆ ಉಂಡರೆ ಬರುವುದಿಲ್ಲ, ಮಗುವನ್ನು ಎತ್ತಿಕೊಳ್ಳಬಹುದು" ಎಂದರು. ಅವರ ಎದುರಿಗೇ ಹೇಳಿದ್ದು ಮುಖ್ಯ. ಮನೆಯವರಿಗೆ ಮಾತ್ರ ಹೇಳಿದ್ದರೆ ಜಯಮ್ಮನಿಗೆ ಅದು ಗೊತ್ತಾಗುತ್ತಲೇ ಇರಲಿಲ್ಲ.

ದುಡ್ಡಿನ ವಿಷಯಕ್ಕೆ ಸಮಾಜ ಕಾರ್ಯಕರ್ತೆ ಕೂತು ಲೆಕ್ಕ ಹಾಕಿದರು. ಬಿಪಿಎಲ್ ಕಾರ್ಡ್ ಇದ್ದದ್ದರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸು ಉಚಿತ. ಆದರೆ ಜೊತೆಗೆ ಬರುವ ಮಗನ ಬಸ್ ಚಾರ್ಜು ಮತ್ತು ಅವನು ಕಳೆದುಕೊಳ್ಳುವ ಕೂಲಿ ಯಾವ ಯೋಜನೆಯಲ್ಲೂ ಬರುವುದಿಲ್ಲ. ಬರುತ್ತದೆ ಎಂದು ಸುಳ್ಳು ಭರವಸೆ ಕೊಡಬೇಡಿ. ಸಂಘದ ಮುಖ್ಯಸ್ಥೆಗೆ ಫೋನ್ ಮಾಡಿ ಚಿಕಿತ್ಸೆಯ ಪತ್ರ ಕಳಿಸಿ ಕಂತು ಮುಂದೂಡಲು ಕೇಳಿದರು. ಮನೆಯ ವಿಷಯಕ್ಕೆ ಎಸ್ಟೇಟ್ ರೈಟರ್‌ಗೆ ಕೊಡಲು, ಎಷ್ಟು ತಿಂಗಳ ಚಿಕಿತ್ಸೆ ಎಂದು ವೈದ್ಯರ ಸಹಿ ಇರುವ ಒಂದು ಪತ್ರ ಮಾಡಿಸಿದರು.

6. ಎರಡು ಪ್ರಶ್ನೆ, ಬೇಕಾದರೆ ಇನ್ನೇಳು

4 ಅಥವಾ ಜಾಸ್ತಿ ಬಂದ ಎಲ್ಲರಿಗೂ ಖಿನ್ನತೆಯ ಎರಡು ಪ್ರಶ್ನೆ ಕೇಳುತ್ತೇವೆ. ಇದಕ್ಕೆ ಪಿಎಚ್‌ಕ್ಯೂ-2 ಎನ್ನುತ್ತಾರೆ. ಹೋದ ಎರಡು ವಾರದಲ್ಲಿ ಯಾವ ಕೆಲಸದಲ್ಲೂ ಆಸಕ್ತಿ, ಖುಷಿ ಇಲ್ಲ ಅನಿಸಿತ್ತಾ? ಬೇಜಾರು, ಕುಗ್ಗಿಹೋದ ಹಾಗೆ, ಇನ್ನೇನೂ ಸರಿಹೋಗಲ್ಲ ಅನಿಸಿತ್ತಾ? ಪ್ರತಿಯೊಂದಕ್ಕೂ ಇಲ್ಲವೇ ಇಲ್ಲ ಎಂದರೆ 0, ಕೆಲವು ದಿನ ಎಂದರೆ 1, ಅರ್ಧಕ್ಕಿಂತ ಜಾಸ್ತಿ ದಿನ ಎಂದರೆ 2, ಹೆಚ್ಚುಕಮ್ಮಿ ದಿನಾ ಎಂದರೆ 3. ಎರಡೂ ಕೂಡಿ 3 ಅಥವಾ ಜಾಸ್ತಿ ಬಂದರೆ ಉಳಿದ ಏಳನ್ನೂ ಕೇಳಿ ಪಿಎಚ್‌ಕ್ಯೂ-9 ಮುಗಿಸಿ. ಥರ್ಮಾಮೀಟರ್ ಒಂದು ವಾರದ್ದು, ಇದು ಎರಡು ವಾರದ್ದು. ಈ ವ್ಯತ್ಯಾಸವನ್ನು ರೋಗಿಗೆ ಬಿಡಿಸಿ ಹೇಳಿ, ಇಲ್ಲದಿದ್ದರೆ ಕಲಸಿಹೋಗುತ್ತದೆ. ಬೇಜಾರಿಗಿಂತ ಗಾಬರಿ, ಎದೆ ಡವಡವ ಜಾಸ್ತಿ ಇರುವವರಿಗೆ ಜಿಎಡಿ-7 ಎಂಬ ಇದೇ ತರಹದ ಏಳು ಪ್ರಶ್ನೆಗಳಿವೆ. ಅದರಲ್ಲಿ 10 ಅಥವಾ ಜಾಸ್ತಿ ಬಂದರೆ ಗಮನ ಕೊಡಬೇಕು.

ಜಯಮ್ಮನ ಲೆಕ್ಕ ಹೀಗಿತ್ತು. ಆಸಕ್ತಿ 1, ಬೇಜಾರು 2, ಅಲ್ಲಿಗೆ 3. ಉಳಿದವನ್ನೂ ಕೇಳಿದೆ. ನಿದ್ದೆ 3, ಸುಸ್ತು 2, ಊಟ 2, ತನ್ನ ಬಗ್ಗೆಯೇ ಕೀಳು ಭಾವನೆ 1, ಗಮನ 0, ಮಂಕುತನ 0, ಸಾವಿನ ಯೋಚನೆ 1. ಒಟ್ಟು 12.

ಮಾಮೂಲಿಯಾಗಿ 10 ಎಂದರೆ ಮಧ್ಯಮ ಮಟ್ಟದ ಖಿನ್ನತೆ ಇರಬಹುದು ಎಂದು ಲೆಕ್ಕ. ಕ್ಯಾನ್ಸರ್ ರೋಗಿಗಳಲ್ಲಿ 8 ಬಂದರೇ ಗಮನ ಕೊಡಿ ಎಂದು ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ ಆಸ್ಕೋ 2014ರಲ್ಲಿ ಹೇಳಿತ್ತು. ಆದರೆ ಒಟ್ಟು ಮಾತ್ರ ನೋಡಿದರೆ ಮೋಸ ಹೋಗುತ್ತೀರಿ. ನಿದ್ದೆ, ಸುಸ್ತು, ಊಟ ಮೂರೂ ಕೂಡಿ 7. ಈ ಮೂರನ್ನೂ ಕ್ಯಾನ್ಸರ್ ತಾನೇ ತರಬಲ್ಲದು, ಸರಿಯಾಗಿ ನೋಡಿಕೊಳ್ಳದ ನೋವೂ ತರಬಲ್ಲದು, ಖಿನ್ನತೆಯೂ ತರಬಲ್ಲದು. ಬೇರ್ಪಡಿಸುವ ದಾರಿ ಎಂದರೆ ಮೊದಲು ನೋವನ್ನು ಹಿಡಿತಕ್ಕೆ ತಂದು ಎರಡು ವಾರ ಬಿಟ್ಟು ಮತ್ತೆ ಕೇಳುವುದು. ನಿದ್ದೆ ಬಂದರೂ ಮೊದಲ ಎರಡು ಪ್ರಶ್ನೆಗಳ ಅಂಕ ಇಳಿಯದಿದ್ದರೆ ಅದು ಮನಸ್ಸಿನ ಕಾಯಿಲೆಯ ಕಡೆ ಬೆರಳು ತೋರಿಸುತ್ತದೆ. ಒಟ್ಟು 15 ಅಥವಾ ಜಾಸ್ತಿ ಬಂದವರಿಗೆ ಹೀಗೆ ಕಾಯುವುದು ಬೇಡ. ಅವತ್ತೇ ಮನೋವೈದ್ಯರಿಗೆ ತೋರಿಸಿ.

ರೋಗಿ ಏನೇನೋ ಮಾತಾಡುತ್ತಿದ್ದರೆ, ಹಗಲು ರಾತ್ರಿ ಗೊತ್ತಾಗದಿದ್ದರೆ ಈ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟು ವೈದ್ಯರನ್ನು ಕರೆಯಿರಿ. ಅದು ಸೋಡಿಯಂ, ಕ್ಯಾಲ್ಸಿಯಂ ಏರುಪೇರು, ಸೋಂಕು, ಮೆದುಳಿಗೆ ಹರಡಿದ ಗಡ್ಡೆ ಏನೂ ಆಗಿರಬಹುದು.

ಮನೋವೈದ್ಯರಿಗೆ ಕಳಿಸುವ ಚೀಟಿಯಲ್ಲಿ ಕ್ಯಾನ್ಸರ್ ಔಷಧಿಗಳ ಹೆಸರು ಬರೆಯುವುದನ್ನು ಮರೆಯಬೇಡಿ. ಒಂದು ಉದಾಹರಣೆ ಸಾಕು. ಸ್ತನ ಕ್ಯಾನ್ಸರಿಗೆ ಕೊಡುವ ಟಮಾಕ್ಸಿಫೆನ್ ಮೈಯೊಳಗೆ ಬದಲಾದ ಮೇಲೆಯೇ ಸರಿಯಾಗಿ ಕೆಲಸ ಮಾಡುತ್ತದೆ. ಖಿನ್ನತೆಗೆ ಕೊಡುವ ಫ್ಲೂಆಕ್ಸಿಟಿನ್, ಪ್ಯಾರಾಕ್ಸಿಟಿನ್ ಆ ಬದಲಾವಣೆಗೆ ಅಡ್ಡ ಬರುತ್ತವೆ. ಗೊತ್ತಿದ್ದರೆ ಬೇರೆ ಔಷಧಿ ಬರೆಯುತ್ತಾರೆ.

7. ಒಂಬತ್ತನೇ ಪ್ರಶ್ನೆ

ಸತ್ತರೆ ಮೇಲು ಎಂಬ ಯೋಚನೆ, ತನಗೆ ತಾನೇ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದಿದೆಯಾ ಎಂಬುದು ಆ ಪ್ರಶ್ನೆ. ಇದನ್ನು ಕೇಳಲು ಹೊಸ ಸಿಸ್ಟರ್‌ಗಳಿಗೆ ಬಾಯೇ ಬರುವುದಿಲ್ಲ. ಕೇಳಿದರೆ ನಾವೇ ತಲೆಗೆ ಹಾಕಿದ ಹಾಗಾಗುತ್ತದೆ ಎಂಬ ಭಯ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಇದ್ದವರಿಗೆ ಹೇಳಿಕೊಳ್ಳಲು ಒಂದು ಬಾಗಿಲು ಸಿಗುತ್ತದೆ. "ಹಾಗೇನೂ ಯೋಚನೆ ಇಲ್ಲ ಅಲ್ವಾ?" ಎಂದು ಮಾತ್ರ ಕೇಳಬೇಡಿ. ಅದು "ಇಲ್ಲ ಅನ್ನಿ" ಎಂದು ಹೇಳಿಕೊಟ್ಟ ಹಾಗೆ.

ಉತ್ತರ 1 ಬಂದರೂ ಅಲ್ಲೇ ನಿಲ್ಲಿ. ಒಟ್ಟು ಅಂಕ ಎಷ್ಟೇ ಇರಲಿ, ಇದನ್ನು ಬೇರೆಯಾಗಿಯೇ ನೋಡಬೇಕು. ಜಯಮ್ಮ ಹೇಳಿದ್ದು "ನಾನಿಲ್ದಿದ್ರೆ ಹುಡುಗಂಗೆ ಸಾಲನಾದ್ರೂ ತಪ್ಪುತ್ತಿತ್ತು" ಎಂದು. "ದೇವರು ಕರ್ಕೊಂಡ್ರೆ ಸಾಕು" ಎನ್ನುವುದೂ ಇದೇ ಜಾತಿಯ ಮಾತು. ಬಹಳ ಜನ ಹೇಳುತ್ತಾರೆ, ಆದರೂ ವಾಡಿಕೆಯ ಮಾತು ಎಂದು ಬಿಡಬೇಡಿ. ಮೆಲ್ಲಗೆ ಮುಂದಕ್ಕೆ ಕೇಳಿ. ನೀವೇ ಏನಾದರೂ ಮಾಡಿಕೊಳ್ಳೋಣ ಅನಿಸಿತ್ತಾ? ಹೇಗೆ ಎಂದು ಯೋಚನೆ ಮಾಡಿದ್ದೀರಾ? ಹಿಂದೆ ಯಾವತ್ತಾದರೂ ಹಾಗೆ ಮಾಡಿಕೊಂಡಿದ್ದಿರಾ? ಮನೆಯಲ್ಲಿ ಹಗಲು ಹೊತ್ತು ಜೊತೆಗೆ ಯಾರಿರುತ್ತಾರೆ?

ಜಯಮ್ಮನಿಗೆ ಮೊದಲ ಮೂರಕ್ಕೂ "ಇಲ್ಲ" ಇತ್ತು. ಮಗನ ಹೆಂಡತಿ ಮನೆಯಲ್ಲೇ ಇರುತ್ತಿದ್ದಳು. ಆದರೂ ಅವತ್ತೇ ನಮ್ಮ ವೈದ್ಯರಿಗೆ ತಿಳಿಸಿ, ಅದೇ ವಾರ ಮನೋವೈದ್ಯರಿಗೆ ತೋರಿಸಲು ದಿನ ಗೊತ್ತುಮಾಡಿದೆವು. 14416 ಅನ್ನು ಮಗನ ಮತ್ತು ಭಾವನ ಫೋನಿನಲ್ಲಿ ಅಲ್ಲೇ ಸೇವ್ ಮಾಡಿಸಿದೆವು. ಚೀಟಿಯಲ್ಲಿ ಬರೆದುಕೊಟ್ಟರೆ ಚೀಟಿ ಕಳೆದುಹೋಗುತ್ತದೆ.

ಮಾಡಿಕೊಳ್ಳುವ ಉದ್ದೇಶ ಇದೆ, ಅಥವಾ ಹೇಗೆ ಎಂಬ ಯೋಚನೆ ಇದೆ ಎಂದರೆ ದಾರಿಯೇ ಬೇರೆ. ಅವರನ್ನು ಒಂದು ನಿಮಿಷವೂ ಒಬ್ಬರೇ ಬಿಡಬೇಡಿ, ಬಾತ್‌ರೂಮಿಗೂ ಜೊತೆಗೆ ಹೋಗಿ. ಮನೋವೈದ್ಯರು ನೋಡುವವರೆಗೆ ಮನೆಗೆ ಕಳಿಸಬೇಡಿ. ಮನೆಯವರಿಗೆ ಹೇಳಲೇಬೇಕು. ಇದಕ್ಕಾಗಿ ಮಾತು ಶುರುಮಾಡುವಾಗಲೇ "ನೀವು ಹೇಳಿದ್ದು ನಮ್ಮಲ್ಲೇ ಇರುತ್ತೆ, ಆದ್ರೆ ನಿಮ್ಮ ಜೀವಕ್ಕೆ ತೊಂದರೆ ಅನಿಸಿದ್ರೆ ಮಾತ್ರ ಹೇಳಬೇಕಾಗುತ್ತೆ" ಎಂದು ತಿಳಿಸಿರಿ. ಆಗ ಮೋಸ ಮಾಡಿದಂತಾಗುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಕಾಫಿ, ಆಲೂಗಡ್ಡೆ, ಶುಂಠಿ ಬೆಳೆಯುವವರ ಮನೆಯಲ್ಲಿ ತೋಟಕ್ಕೆ ಹೊಡೆಯುವ ಔಷಧಿ ಇದ್ದೇ ಇರುತ್ತದೆ. ಅದನ್ನು ಅವತ್ತೇ ಮನೆಯಿಂದ ಹೊರಗೆ ಸಾಗಿಸಿ, ಬೇರೆಯವರ ಹತ್ತಿರ ಬೀಗದಲ್ಲಿ ಇಡಲು ಮನೆಯವರಿಗೆ ಹೇಳಿ. ಮಾತ್ರೆಗಳನ್ನೂ ಒಂದು ವಾರಕ್ಕಾಗುವಷ್ಟೇ ಕೊಡಿ.

8. "ಅಮ್ಮನಿಗೆ ಕ್ಯಾನ್ಸರ್ ಅಂತ ಹೇಳಬೇಡಿ"

ಈ ಮಾತು ಕೇಳದ ಓಪಿಡಿ ಇಲ್ಲ. ಜಯಮ್ಮನ ಮಗನೂ ಬಾಗಿಲಲ್ಲೇ ಹಿಡಿದುಕೊಂಡಿದ್ದ. "ಗಡ್ಡೆ ಅಂತ ಅಷ್ಟೇ ಹೇಳಿದೀವಿ ಸಿಸ್ಟರ್, ಆ ಪದ ಎತ್ತಬೇಡಿ, ಎದೆ ಒಡ್ಕೋತಾರೆ." ಅವನನ್ನು ಬೈಯುವುದರಲ್ಲಿ ಅರ್ಥವಿಲ್ಲ. ಅದು ಅವನ ಪ್ರೀತಿ, ಅವನ ಹೆದರಿಕೆ. ನಾನು ಹೇಳುವುದು ಇಷ್ಟು. "ನಾನಾಗಿ ಆ ಪದ ತರಲ್ಲ. ಆದ್ರೆ ಅವರೇ ಕೇಳಿದ್ರೆ ಸುಳ್ಳು ಹೇಳಲ್ಲ, ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ."

ಮೇಲೆ ಕೊಟ್ಟ ಪ್ರಶ್ನೆಗಳನ್ನು ಇನ್ನೊಮ್ಮೆ ಓದಿ ನೋಡಿ. ಒಂದರಲ್ಲೂ ಕ್ಯಾನ್ಸರ್ ಎಂಬ ಪದ ಇಲ್ಲ. ಹಾಗಾಗಿ ಕಾಯಿಲೆ ಮುಚ್ಚಿಟ್ಟವರಿಗೂ ಪೂರ್ತಿ ಕೇಳಬಹುದು. ಕೇಳುವ ಹಾಳೆಯ ಮೇಲ್ಗಡೆ ಆ ಪದ ಅಚ್ಚಾಗದ ಹಾಗೆ ಮಾತ್ರ ನೋಡಿಕೊಳ್ಳಿ. ಓದಲು ಬರುವ ರೋಗಿಗೆ ಒಂದು ಹಾಳೆಯಿಂದ ಸುದ್ದಿ ಗೊತ್ತಾಗಬಾರದು.

ಜಯಮ್ಮನಿಗೆ ಗೊತ್ತಿತ್ತು. ಹೊರೆಯ ಮಾತು ಮುಗಿದ ಮೇಲೆ ನಾನು "ಕಾಯಿಲೆ ಬಗ್ಗೆ ನಿಮಗೆ ಏನು ಅನ್ಸುತ್ತೆ?" ಎಂದು ಕೇಳಿದೆ. "ಬೋರ್ಡ್ ಓದೋಕೆ ಬರಲ್ಲ ಕಣವ್ವ. ಹೊರಗೆ ಕೂತಿರೋರ ತಲೆ ನೋಡಿದ್ರೆ ಗೊತ್ತಾಗಲ್ವಾ?" ಎಂದರು. ಮಗನಿಗೆ ನೋವಾಗುತ್ತದೆ ಎಂದು ಅವರು ಗೊತ್ತಿಲ್ಲದವರ ಹಾಗೆ ಇದ್ದರು, ಅಮ್ಮನಿಗೆ ನೋವಾಗುತ್ತದೆ ಎಂದು ಮಗ ಮುಚ್ಚಿಟ್ಟಿದ್ದ. ವೈದ್ಯರು ಇಬ್ಬರನ್ನೂ ಒಟ್ಟಿಗೆ ಕೂರಿಸಿ, ಮೊದಲು ಜಯಮ್ಮನಿಗೆ ಎಷ್ಟು ಗೊತ್ತು, ಇನ್ನೆಷ್ಟು ತಿಳಿಯಬೇಕು ಎಂದು ಅವರನ್ನೇ ಕೇಳಿ ಮಾತಾಡಿದರು. ಎಲ್ಲರದೂ ಹೀಗೇ ಇರುವುದಿಲ್ಲ. "ನಂಗೇನೂ ಹೇಳಬೇಡಿ, ಮಗಂಗೇ ಹೇಳಿ" ಎನ್ನುವವರೂ ಇದ್ದಾರೆ. ಅದೂ ಅವರದೇ ತೀರ್ಮಾನ, ಫೈಲಿನಲ್ಲಿ ಹಾಗೇ ಬರೆಯಿರಿ.

9. ಬರೆದಿಡುವುದು, ಮತ್ತೆ ಕೇಳುವುದು

ಫೈಲಿನಲ್ಲಿ ಬಿಪಿಯ ಪಕ್ಕದಲ್ಲೇ ಒಂದು ಸಾಲು ಸಾಕು. ದಿನಾಂಕ, ನಂಬರ್, ಮುಖ್ಯ ತೊಂದರೆ, ಏನು ಮಾಡಿದೆವು, ಮತ್ತೆ ಯಾವಾಗ. ಮನೆಯವರು ಫೈಲ್ ತೆರೆದು ಓದುತ್ತಾರೆ, ನೆನಪಿರಲಿ. ಒಂಬತ್ತನೇ ಪ್ರಶ್ನೆಯ ವಿವರವನ್ನೂ, ಸೊಸೆ ಅತ್ತೆಯ ಜಗಳವನ್ನೂ ಅಲ್ಲಿ ಬರೆಯಬೇಡಿ. ಅದಕ್ಕೆ ಓಪಿಡಿಯಲ್ಲೇ ಬೀಗದಲ್ಲಿರುವ ಬೇರೆ ರಿಜಿಸ್ಟರ್ ಇರಲಿ.

4 ಅಥವಾ ಜಾಸ್ತಿ ಬಂದವರನ್ನು ಎರಡು ವಾರದ ನಂತರ ಮತ್ತೆ ಕೇಳಿ. ಅವರು ಬರುವ ದಿನ ಇಲ್ಲದಿದ್ದರೆ ಫೋನ್ ಮಾಡಿ, ಆದರೆ ಫೋನ್ ಮಗನ ಕೈಯಲ್ಲಿದ್ದರೆ ನಂಬರ್ ಕೇಳಬೇಡಿ. "ನೋವು ಹೆಂಗಿದೆ, ಯಾವತ್ತು ಬರ್ತೀರಿ" ಎಂದಷ್ಟೇ ಕೇಳಿ. ಕಾಫಿ ಕೊಯ್ಲಿನ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ನಮ್ಮಲ್ಲಿ ತಪ್ಪಿಸಿಕೊಳ್ಳುವವರು ಜಾಸ್ತಿ. ಆ ತಿಂಗಳುಗಳಲ್ಲಿ ಬಾರದವರನ್ನು "ಕೊಯ್ಲಿಗೆ ಹೋಗಿರಬೇಕು" ಎಂದು ಬಿಟ್ಟುಬಿಡುವ ಅಭ್ಯಾಸ ನಮಗೂ ಇತ್ತು. ಈಗ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ ವಿಚಾರಿಸುತ್ತೇವೆ. ಅವರಿಗೆ ಅಂಕ ಹೇಳುವುದಿಲ್ಲ, "ಒಮ್ಮೆ ನೋಡ್ಕೊಂಡು ಬನ್ನಿ" ಎಂದಷ್ಟೇ ಹೇಳುತ್ತೇವೆ.

ತಿಂಗಳ ಕೊನೆಗೆ ಫೈಲ್‌ಗಳನ್ನು ತೆಗೆದು ಎರಡೇ ಎಣಿಕೆ ಮಾಡಿ. 4 ಅಥವಾ ಜಾಸ್ತಿ ಬಂದವರು ಎಷ್ಟು? ಅವರಲ್ಲಿ "ಏನು ಮಾಡಿದೆವು" ಎಂಬ ಜಾಗ ಖಾಲಿ ಇರುವುದು ಎಷ್ಟು? ಎಲ್ಲರದೂ 2, 3 ಎಂದೇ ಇದ್ದರೆ ಯಾರೋ ಕೇಳದೆ ತುಂಬಿಸುತ್ತಿದ್ದಾರೆ, ಅಥವಾ ಮಗನನ್ನು ಕೇಳಿ ತುಂಬಿಸುತ್ತಿದ್ದಾರೆ. ನಮ್ಮಲ್ಲಿ ಒಂದು ತಿಂಗಳು ಹೀಗಾಗಿತ್ತು. ನೋಡಿದರೆ ಪರದೆ ಒಗೆಯಲು ಹೋಗಿತ್ತು. ತೂಕದ ಯಂತ್ರದ ಸುತ್ತ ಹತ್ತು ಜನ ನಿಂತಿರುತ್ತಿದ್ದರು.

ಜಯಮ್ಮ ಎರಡು ವಾರಕ್ಕೆ ಬಂದಾಗ, ಎರಡನೇ ಕೀಮೋಗಿಂತ ಮೊದಲು, ಹೊರೆ 4. ಪಿಎಚ್‌ಕ್ಯೂ-9ರಲ್ಲಿ ಆಸಕ್ತಿ 1, ಬೇಜಾರು 1, ನಿದ್ದೆ 1, ಸುಸ್ತು 2, ಊಟ 1, ಉಳಿದದ್ದೆಲ್ಲ 0. ಒಟ್ಟು 6. ಮನೋವೈದ್ಯರು ಮಾತ್ರೆ ಕೊಟ್ಟಿರಲಿಲ್ಲ, ತಿಂಗಳಿಗೊಮ್ಮೆ ಬರಲು ಹೇಳಿದ್ದರು. ಸಾಲದ ಕಂತನ್ನು ಸಂಘದವರು ಮುಂದೂಡಿದ್ದರು. ಎಸ್ಟೇಟಿನ ಕಡೆಯಿಂದ ಇನ್ನೂ ಉತ್ತರ ಬಂದಿರಲಿಲ್ಲ. ಆ 4ರಲ್ಲಿ ಜಾಸ್ತಿ ಭಾರ ಯಾವುದರದ್ದು ಎಂದು ಕೇಳಿದರೆ, "ಮನೆದೇ ಕಣವ್ವ" ಎಂದರು. ಮುಖ್ಯ ತೊಂದರೆ ಎಂಬಲ್ಲಿ "ಲೈನ್ ಮನೆ" ಎಂದು ಬರೆದು, ಸಮಾಜ ಕಾರ್ಯಕರ್ತೆಗೆ ಎರಡನೇ ಸಲ ಕಳಿಸಿದೆ.